1500 ಡಾಲರ್ ಇನ್ವಾಯ್ಸ್, ಖಾತೆಗೆ ಬಂದದ್ದು 1,22,255 ರೂಪಾಯಿ. ಉಳಿದ ದುಡ್ಡು ಎಲ್ಲಿ ಹೋಯ್ತು?

ಕುಂಸಿ_ಹುಡುಗ

ತಲೆ ಕೆಟ್ಟು ಹೋಗಿದೆ. ಹೊರದೇಶದ ಕ್ಲೈಂಟ್‌ಗೆ 1500 ಡಾಲರ್ ಇನ್ವಾಯ್ಸ್ ಕಳಿಸಿದ್ದೆ. ಅವರು ಪೂರ್ತಿ ಕೊಟ್ಟಿದ್ದಾರೆ, ಅವರ ಖಾತೆಯಿಂದ 1500 ಹೋದ ಸ್ಕ್ರೀನ್‌ಶಾಟೂ ಕಳಿಸಿದ್ದಾರೆ. ನನಗೆ ಬಂದದ್ದು 1,22,255 ರೂಪಾಯಿ 58 ಪೈಸೆ. ಅವತ್ತು ಡಾಲರ್ 84.50ರ ಸುತ್ತಮುತ್ತ ಇತ್ತು, 1,26,750 ಬರಬೇಕಿತ್ತು. ನಾಲ್ಕೂವರೆ ಸಾವಿರ ಮಾಯ! ಭಾಗಿಸಿ ನೋಡಿದ್ರೆ ಬ್ಯಾಂಕ್ ನನಗೆ ಡಾಲರಿಗೆ 81.50 ಕೊಟ್ಟಂಗಾಯ್ತು. ಬ್ರಾಂಚಲ್ಲಿ ಕೇಳಿದ್ರೆ "ಸಿಸ್ಟಮ್ ರೇಟ್" ಅಂತಾರೆ, ಮುಂದೆ ಮಾತಿಲ್ಲ. ಪ್ರತಿ ತಿಂಗಳೂ ಇದೇ ಆದ್ರೆ ಹೇಗೆ? ಯಾರಿಗಾದ್ರೂ ಹಿಂಗಾಗಿದ್ಯಾ?

ರಾತ್ರಿಪಾಳಿ

ಪೇಪಾಲ್ ತಾನೇ? ಅದು ಹಂಗೇ ಗುರು. ಹೊರದೇಶದಿಂದ ಬರೋ ವ್ಯಾಪಾರದ ದುಡ್ಡಿಗೆ 4.4% ಮತ್ತೆ ಮೇಲೊಂದಿಷ್ಟು ಸೆಂಟ್ಸ್. ಆಮೇಲೆ ರೂಪಾಯಿಗೆ ಬದಲಾಯಿಸುವಾಗ ರೇಟಲ್ಲೂ ಹಿಡೀತಾರೆ. ಅದನ್ನ 3% ಅಂತ ಹಿಡಿದ್ರೂ 1500ಕ್ಕೆ ಕೈಗೆ ಬರೋದು 1,17,500. ನಿನಗೆ ಅದಕ್ಕಿಂತ ಜಾಸ್ತೀನೇ ಬಂದಿದೆ.

ಕುಂಸಿ_ಹುಡುಗ

ಪೇಪಾಲ್ ಅಲ್ಲ ಸ್ವಾಮಿ. ಬ್ಯಾಂಕ್ ಅಂದ್ನಲ್ಲ.

ಜೋಳದರೊಟ್ಟಿ

ಇದು ಜಿಎಸ್‌ಟಿ ರೀ. ನೀವು ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಹಾಕಿಲ್ಲ, ಅದಕ್ಕ ಬ್ಯಾಂಕ್‌ನವರು ಹಿಡಕೊಂಡಾರ. ಮೊದಲು ಜಿಎಸ್‌ಟಿ ಪೋರ್ಟಲ್‌ನ್ಯಾಗ ಅದರ ಫಾರ್ಮ್ ಆರ್‌ಎಫ್‌ಡಿ-11 ತುಂಬ್ರಿ, ಎಲ್ಲಾ ಸರಿ ಆಗ್ತೈತಿ. ನಮ್ಮ ಧಾರವಾಡದಾಗ ಒಬ್ಬರಿಗೆ ಇದೇ ಆಗಿತ್ತು.

ಟ್ರೇಡ್_ಡೆಸ್ಕ್

ಜಿಎಸ್‌ಟಿ ಅಲ್ಲ, ಅಥವಾ ಅದರ ಪಾಲು ಬಹಳ ಚಿಕ್ಕದು. ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹಳ ವರ್ಷ ಇದ್ದವನು. ಊಹೆ ಮಾಡುತ್ತಾ ಕೂರುವುದು ಬೇಡ, ಮೂರು ವಿಷಯ ಹೇಳಿ. ದುಡ್ಡು ಯಾವ ದೇಶದಿಂದ ಬಂತು? ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ವೈರ್ ಮೂಲಕವೇ? ದುಡ್ಡು ಬಂದದ್ದಕ್ಕೆ ಬ್ಯಾಂಕ್ ಕೊಟ್ಟ ಅಡ್ವೈಸ್ ಪತ್ರದಲ್ಲಿ ಏನು ರೇಟ್ ಬರೆದಿದೆ?

ಜೊತೆಗೆ, ಬ್ಯಾಂಕುಗಳ ನಡುವೆ ಹೋಗುವ ಪಾವತಿ ಸಂದೇಶಕ್ಕೆ MT103 ಎನ್ನುತ್ತಾರೆ, ನಿಮ್ಮ ಬ್ಯಾಂಕಿಗೆ ತಲುಪಿದ MT103 ಪ್ರತಿಯನ್ನು ಬ್ರಾಂಚಿನಿಂದ ತರಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಸಾಲದು. ಅಲ್ಲಿಂದ ಎಷ್ಟು ಹೊರಟಿತು ಎನ್ನುವುದಷ್ಟೇ ಅದರಲ್ಲಿ ಕಾಣುತ್ತದೆ, ದಾರಿಯಲ್ಲಿ ಏನಾಯಿತು ಎನ್ನುವುದು ಕಾಣುವುದಿಲ್ಲ.

ಜೋಳದರೊಟ್ಟಿ

ಸರ್, ಕನ್ವರ್ಷನ್ ಮ್ಯಾಲೆ 18% ಜಿಎಸ್‌ಟಿ ಇರೋದು ಸುಳ್ಳ ಏನ್ರೀ? ಸ್ಟೇಟ್‌ಮೆಂಟ್‌ನ್ಯಾಗ ನಾನಾ ನೋಡೀನಿ.

ಟ್ರೇಡ್_ಡೆಸ್ಕ್

ಸುಳ್ಳಲ್ಲ. ಆದರೆ 18% ಬೀಳುವುದು ನಿಮ್ಮ ಪೂರ್ತಿ ಮೊತ್ತದ ಮೇಲಲ್ಲ. ಹಾಗೆ ಬಿದ್ದಿದ್ದರೆ ಇವರ ಇಪ್ಪತ್ತೆರಡು ಸಾವಿರ ಹೋಗಿರುತ್ತಿತ್ತು. ಕಾನೂನು ಒಂದು ಸಣ್ಣ ಭಾಗವನ್ನು ಬ್ಯಾಂಕಿನ ಸೇವೆಯ ಬೆಲೆ ಎಂದು ಗೊತ್ತುಮಾಡಿದೆ. ಒಂದು ಲಕ್ಷದವರೆಗೆ 1%, ಅಲ್ಲಿಂದ ಹತ್ತು ಲಕ್ಷದವರೆಗಿನ ಭಾಗಕ್ಕೆ 0.5%. ಆ ಬೆಲೆಯ ಮೇಲೆ 18%. ಇವರ ಮೊತ್ತಕ್ಕೆ ಇನ್ನೂರು ರೂಪಾಯಿ ಆಸುಪಾಸು. ಎಲ್‌ಯುಟಿ ಇದ್ದರೂ ಇಲ್ಲದಿದ್ದರೂ ಅದು ಇದ್ದೇ ಇರುತ್ತದೆ. ಎಲ್‌ಯುಟಿ ಬೇಕಾಗುವುದು ಜಿಎಸ್‌ಟಿ ನೋಂದಣಿ ಇರುವವರಿಗೆ, ಅವರದೇ ಇನ್ವಾಯ್ಸ್ ಮೇಲೆ ತೆರಿಗೆ ಕಟ್ಟದೆ ರಫ್ತು ಮಾಡಲು. ಬೇರೆ ವಿಷಯ.

ಕಡಲತೀರ

ಮಾರಾಯ್ರೆ, ಇಷ್ಟೆಲ್ಲ ತಲೆಬಿಸಿ ಯಾಕೆ? ಇಇಎಫ್‌ಸಿ ಖಾತೆ ತೆಗೀರಿ. ನನ್ನದರಲ್ಲಿ ಡಾಲರ್, ಯೂರೋ, ಪೌಂಡ್ ಮೂರೂ ಉಂಟು. ಬಂದ ಡಾಲರ್ ಡಾಲರಾಗಿಯೇ ಕೂತಿರ್ತದೆ, ರೇಟ್ ಏರಿದ ದಿನ ನಾನು ಮಾರ್ತೇನೆ. ಎರಡು ಬ್ಯಾಂಕಿನಲ್ಲಿ ಇಟ್ಟಿದ್ದೇನೆ, ಯಾರು ಒಳ್ಳೆ ರೇಟ್ ಕೊಡ್ತಾರೋ ಅಲ್ಲಿಗೆ ಇನ್ವಾಯ್ಸ್.

ಕುಂಸಿ_ಹುಡುಗ

ಕ್ಲೈಂಟ್ ಅಮೆರಿಕದ ಒಹಾಯೋದವರು. ವೈರ್. ನನ್ನದು ಮಾಮೂಲಿ ಸೇವಿಂಗ್ಸ್ ಖಾತೆ, ವೆಬ್ ಸಾಫ್ಟ್‌ವೇರ್ ಕೆಲಸ ಮಾಡೋದು. ಅಡ್ವೈಸ್‌ನಲ್ಲಿ ರೇಟ್ 82.90 ಅಂತಿದೆ. 81.50 ಅಲ್ಲ! ಹಂಗಾದ್ರೆ ಉಳಿದದ್ದು? MT103 ಬಂತು, ಮುಖ್ಯ ಸಾಲುಗಳು ಇಷ್ಟು:

```
:32A:241129USD1480,00
:33B:USD1500,00
:71A:SHA
:71F:USD20,00
```

ಟ್ರೇಡ್_ಡೆಸ್ಕ್

ಈಗ ಎಲ್ಲ ಬಿಚ್ಚಿಕೊಂಡಿತು.

33B ಕ್ಲೈಂಟ್ ಹೇಳಿದ ಮೊತ್ತ, 32A ಕೊನೆಗೆ ನಿಮ್ಮ ಬ್ಯಾಂಕಿಗೆ ತಲುಪಿದ ಮೊತ್ತ. ನಡುವಿನ 20 ಡಾಲರ್ ದಾರಿಯಲ್ಲಿನ ಬ್ಯಾಂಕ್ ತೆಗೆದುಕೊಂಡಿದೆ, 71F ಸಾಲಿನಲ್ಲಿರುವುದು ಅದೇ. ಕಾರಣ 71Aಯಲ್ಲಿ SHA ಇರುವುದು. ಕಳಿಸುವ ಬ್ಯಾಂಕಿನ ಚಾರ್ಜ್ ಕ್ಲೈಂಟ್‌ದು, ಅದರಾಚೆಯದೆಲ್ಲ ನಿಮ್ಮದು ಎಂದರ್ಥ. ಆದ್ದರಿಂದ ನಿಮ್ಮ ಬ್ಯಾಂಕ್ ರೂಪಾಯಿ ಮಾಡಿದ್ದು 1480ನ್ನು. ನೀವು 1500ರಿಂದ ಭಾಗಿಸಿದ್ದರಿಂದ ಮೂರು ಬೇರೆಬೇರೆ ಕಡಿತಗಳು ಒಂದೇ ಕೆಟ್ಟ ರೇಟಿನಂತೆ ಕಂಡವು.

1480ನ್ನು 82.90ರಿಂದ ಗುಣಿಸಿದರೆ 1,22,692. ಅದರಲ್ಲಿ ಜಿಎಸ್‌ಟಿ 200.42 ಕಳೆದರೆ 1,22,491.58. ನಿಮಗೆ ಬಂದದ್ದಕ್ಕೂ ಇದಕ್ಕೂ ಸರಿಯಾಗಿ 236 ವ್ಯತ್ಯಾಸ. ಅದು 200 ರೂಪಾಯಿ ಚಾರ್ಜ್ ಮತ್ತು ಅದರ ಮೇಲಿನ 36 ಜಿಎಸ್‌ಟಿ ಇರಬೇಕು, ಸ್ಟೇಟ್‌ಮೆಂಟ್ ನೋಡಿ.

ಈಗ 84.50ರ ಲೆಕ್ಕಕ್ಕೆ ಹೋಲಿಸಿ. ದಾರಿಯಲ್ಲಿ ಹೋದದ್ದು 1,690. ರೇಟಿನ ಅಂತರದಲ್ಲಿ, ಡಾಲರಿಗೆ 1.60ರಂತೆ, 2,368. ಉಳಿದದ್ದು ಚಿಲ್ಲರೆ. ಅರ್ಧಕ್ಕಿಂತ ಹೆಚ್ಚು ಹೋಗಿರುವುದು ರೇಟಿನಲ್ಲೇ, ಅದಕ್ಕೆ ಯಾವ ರಸೀತಿಯೂ ಬರುವುದಿಲ್ಲ.

ಕುಂಸಿ_ಹುಡುಗ

236 ಸರಿಯಾಗಿದೆ, ಎಫ್‌ಐಆರ್‌ಎ ಚಾರ್ಜ್ ಅಂತ ಇದೆ, ಹೊರದೇಶದಿಂದ ದುಡ್ಡು ಬಂದಿದ್ದಕ್ಕೆ ಬ್ಯಾಂಕ್ ಕೊಡೋ ದಾಖಲೆ ಪತ್ರದ್ದು. ಹಾಗಾದ್ರೆ ಈ 82.90 ಯಾರು ನಿರ್ಧಾರ ಮಾಡಿದ್ದು?

ಟ್ರೇಡ್_ಡೆಸ್ಕ್

ಅದು ಕಾರ್ಡ್ ರೇಟ್. ಬೆಳಿಗ್ಗೆ ಬ್ಯಾಂಕ್ ಒಂದು ಪಟ್ಟಿ ಹಾಕುತ್ತದೆ, ಯಾರೂ ಏನೂ ಕೇಳದಿದ್ದರೆ ಅದರಲ್ಲಿರುವ ಟಿಟಿ ಬೈಯಿಂಗ್ ರೇಟ್, ಅಂದರೆ ಹೊರಗಿನಿಂದ ಬಂದ ಡಾಲರನ್ನು ಬ್ಯಾಂಕ್ ಕೊಳ್ಳುವ ದರ, ಬೀಳುತ್ತದೆ. ಕೇಳಿದರೆ ಫಾರೆಕ್ಸ್ ಡೆಸ್ಕ್ ಟ್ರೆಷರಿಯಿಂದ ಬೇರೆ ರೇಟ್ ತರಿಸಬಹುದು, ಆದರೆ ದುಡ್ಡು ರೂಪಾಯಿ ಆಗುವ ಮೊದಲೇ ಕೇಳಬೇಕು. ಆದಮೇಲೆ ಯಾರೂ ತಿದ್ದುವುದಿಲ್ಲ. "ನನ್ನನ್ನು ಕೇಳದೆ ಕನ್ವರ್ಟ್ ಮಾಡಬೇಡಿ" ಎಂದು ಬ್ರಾಂಚಿಗೆ ಪತ್ರ ಕೊಡಿ. 1500 ಡಾಲರಿಗೆ ಎಲ್ಲ ಬ್ಯಾಂಕೂ ಬಗ್ಗುವುದಿಲ್ಲ, ಆದರೂ ಪ್ರತಿ ತಿಂಗಳು ಬರುವ ದುಡ್ಡು ಎಂದರೆ ಮಾತಿಗೆ ತೂಕ ಬರುತ್ತದೆ.

@ಕಡಲತೀರ, ಇಇಎಫ್‌ಸಿ ಒಳ್ಳೆಯದೇ, ಆದರೆ ಇವರ ಎರಡು ನಷ್ಟಗಳಲ್ಲಿ ಒಂದನ್ನೂ ಅದು ತಾನಾಗಿ ನಿಲ್ಲಿಸುವುದಿಲ್ಲ. 20 ಡಾಲರ್ ಆಗಲೂ ದಾರಿಯಲ್ಲೇ ಹೋಗುತ್ತದೆ. ಮಾರುವ ದಿನ ರೇಟ್ ಚೌಕಾಸಿ ಮಾಡದಿದ್ದರೆ ಅದೇ ಕಾರ್ಡ್ ರೇಟ್. ಬಡ್ಡಿಯೂ ಇಲ್ಲ.

ಕಡಲತೀರ

ಚೌಕಾಸಿ ಮಾಡಿಯೇ ಮಾಡ್ತೇನೆ, ಅದೇ ನನ್ನ ಪಾಯಿಂಟು. ಖಾತೆಯಲ್ಲಿ ಡಾಲರ್ ಇದ್ದರೆ ಮಾತ್ರ ಮಾತಾಡ್ಲಿಕ್ಕೆ ಸಮಯ ಸಿಗ್ತದೆ. ಮತ್ತೆ ಇವರು ಸೇವಿಂಗ್ಸ್‌ನಲ್ಲಿ ವ್ಯವಹಾರದ ದುಡ್ಡು ತೆಗೊಳ್ತಾ ಇದ್ದಾರಲ್ಲ, ಅದೇ ತಪ್ಪು. ಕರೆಂಟ್ ಖಾತೆ ಬೇಕು.

ರಾತ್ರಿಪಾಳಿ

ತಪ್ಪು ಅಂತ ಎಲ್ಲಿದೆ? ನಾನು ಒಬ್ಬನೇ ಕೆಲಸ ಮಾಡ್ತೀನಿ, ಸೇವಿಂಗ್ಸ್‌ಗೇ ಬರುತ್ತೆ, ಐಟಿ ರಿಟರ್ನ್‌ನಲ್ಲಿ ಎಲ್ಲ ತೋರಿಸ್ತೀನಿ. ಮಿನಿಮಮ್ ಬ್ಯಾಲೆನ್ಸ್ ಕಟ್ಟೋದು ಯಾರು?

ಕಡಲತೀರ

ಬ್ಯಾಂಕ್ ಒಂದು ದಿನ ಪ್ರಶ್ನೆ ಕೇಳಿದಾಗ ಗೊತ್ತಾಗ್ತದೆ. ನಾನಂತೂ ಸೇವಿಂಗ್ಸ್‌ಗೆ ಒಂದು ಡಾಲರೂ ತರುವುದಿಲ್ಲ.

ಶಟರ್_ಸ್ಪೀಡ್

ನಂದೂ ಇದೇ ಸಮಸ್ಯೆ. ಸ್ಟಾಕ್ ಫೋಟೋ ಸೈಟಿಂದ ತಿಂಗಳಿಗೆ 60-70 ಡಾಲರ್ ಬರುತ್ತೆ. ವೈರ್ ಹಾಕಿಸ್ಕೊಳ್ಳೋದಾ?

ಟ್ರೇಡ್_ಡೆಸ್ಕ್

ಬೇಡ. 70ರಲ್ಲಿ 20 ದಾರಿಯಲ್ಲೇ ಹೋದರೆ ಏನು ಉಳಿಯಿತು? ನಿಮಗೆ ಶೇಕಡಾವಾರು ಹಿಡಿಯುವ ಸೇವೆಯೇ ಸರಿ. ಸೈಟ್ ಒಪ್ಪಿದರೆ ಕೆಲವು ತಿಂಗಳದ್ದು ಕೂಡಿಟ್ಟು ಒಮ್ಮೆಗೇ ತೆಗೆಯಿರಿ.

ರಾತ್ರಿಪಾಳಿ

@ಕುಂಸಿ_ಹುಡುಗ, ಕ್ಲೈಂಟ್ ಅಮೆರಿಕದವರಾದ್ರೆ ವೈರ್ ಯಾಕೆ? ಅಲ್ಲಿನ ಬ್ಯಾಂಕ್ ಖಾತೆ ನಂಬರ್ ನಿನ್ನ ಹೆಸರಲ್ಲಿ ಕೊಡೋ ಸೇವೆಗಳಿವೆ. ಕ್ಲೈಂಟ್ ಅದಕ್ಕೆ ಎಸಿಎಚ್ ಮಾಡ್ತಾರೆ, ಅವರಿಗೆ ಅದು ಊರೊಳಗಿನ ಟ್ರಾನ್ಸ್‌ಫರ್ ಇದ್ದಂಗೆ, ಮಧ್ಯದ ಬ್ಯಾಂಕೇ ಇರಲ್ಲ. ರೂಪಾಯಿ ಆಗಿ ನಿನ್ನ ಖಾತೆಗೆ ಬರುತ್ತೆ. ಎಲ್ಲ ಸೇರಿ 1% ಖರ್ಚು ಅಂತ ಹಿಡಿದ್ರೂ 1,25,482. ಈಗ ಬಂದದ್ದಕ್ಕಿಂತ ಮೂರು ಸಾವಿರ ಜಾಸ್ತಿ.

ಟ್ರೇಡ್_ಡೆಸ್ಕ್

ಇವರಿಗೆ ಇದೇ ಸರಿಯಾದ ದಾರಿ ಎಂದು ನನಗೂ ಅನಿಸುತ್ತದೆ. ಎರಡು ಎಚ್ಚರಿಕೆ. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಗಡಿಯಾಚೆಯ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ಪ್ರತ್ಯೇಕ ಅನುಮತಿ ಬೇಕೆಂದು ಮಾಡಿದೆ. ನೀವು ಆರಿಸುವ ಸೇವೆ ಅನುಮತಿ ಪಡೆದಿದೆಯೇ, ಇಲ್ಲವೇ ಯಾವ ಅಧಿಕೃತ ಬ್ಯಾಂಕಿನ ಮೂಲಕ ದುಡ್ಡು ತರುತ್ತದೆ ಎಂದು ನೋಡಿ. ಎರಡನೆಯದು, "ಫೀ ಇಲ್ಲ" ಎಂಬ ಮಾತನ್ನು ನಂಬಬೇಡಿ, ಫೀ ಇಲ್ಲದವರು ರೇಟಿನಲ್ಲಿ ತೆಗೆಯುತ್ತಾರೆ. 1500 ಕಳಿಸಿದರೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಮಾತ್ರ ಕೇಳಿ.

ಇನ್ನೊಂದು. ನಿಮ್ಮ ಅಡ್ವೈಸ್‌ನಲ್ಲಿ, ದುಡ್ಡು ಯಾತಕ್ಕಾಗಿ ಬಂತು ಎಂದು ಹೇಳುವ ಪರ್ಪಸ್ ಕೋಡ್ ಏನಿದೆ?

ಕುಂಸಿ_ಹುಡುಗ

P1301.

ಟ್ರೇಡ್_ಡೆಸ್ಕ್

ಅದು ಮನೆಯವರ ಜೀವನ ನಿರ್ವಹಣೆಗೆ ಕಳಿಸಿದ ಹಣದ ಕೋಡ್! ನಿಮ್ಮ ಕೆಲಸಕ್ಕೆ P0802 ಇರಬೇಕು. ನಾಲ್ಕು ಸಾವಿರಕ್ಕಿಂತ ಇದು ದೊಡ್ಡ ವಿಷಯ. ನಾಳೆ ಜಿಎಸ್‌ಟಿ ನೋಂದಣಿ ಆದಾಗ, ಇದು ಸೇವೆಯ ರಫ್ತು ಎಂದು ತೋರಿಸಲು ನಿಮ್ಮ ಕೈಯಲ್ಲಿರುವ ಮುಖ್ಯ ದಾಖಲೆ ಆ ಎಫ್‌ಐಆರ್‌ಎ. ನಿಮ್ಮನ್ನು ಯಾರಾದರೂ ಕೋಡ್ ಕೇಳಿದ್ದರೇ?

ಕುಂಸಿ_ಹುಡುಗ

ಇಲ್ಲ. ಒಂದು ಫೋನೂ ಬಂದಿಲ್ಲ, ಮೇಲೂ ಬಂದಿಲ್ಲ.

ಜೋಳದರೊಟ್ಟಿ

ನೋಡ್ರಿ, ಕಡೀಕ್ ಜಿಎಸ್‌ಟಿಗೇ ಬಂತಲ್ಲ. ನೋಂದಣಿ ಆದ ಕೂಡಲೇ ಎಲ್‌ಯುಟಿ ಹಾಕ್ರಿ, ವರ್ಷಾ ವರ್ಷಾ ಹಾಕಬೇಕು, ಮರೀಬ್ಯಾಡ್ರಿ.

ಟ್ರೇಡ್_ಡೆಸ್ಕ್

ಅದು ನಿಜ. ಈಗ ಬ್ರಾಂಚಿಗೆ ಇನ್ವಾಯ್ಸ್, ಕ್ಲೈಂಟ್ ಜೊತೆಗಿನ ಒಪ್ಪಂದ, MT103 ಲಗತ್ತಿಸಿ ಕೋಡ್ ತಿದ್ದುಪಡಿಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಕುಂಸಿ_ಹುಡುಗ

ಅಪ್‌ಡೇಟ್: ಕ್ಲೈಂಟ್ ಎಸಿಎಚ್‌ಗೆ ಒಪ್ಪಿದ್ದಾರೆ. ಅವರಿಗೂ ವೈರ್ ಚಾರ್ಜ್ ಉಳಿಯುತ್ತೆ ಅಂತ ಖುಷಿ. ಅರ್ಜಿ ಕೊಟ್ಟೆ, ಬ್ರಾಂಚ್‌ನೋರು ತಿದ್ದುಪಡಿ ಮುಂಬೈ ಆಫೀಸಿಂದ ಆಗಬೇಕು, ಎಷ್ಟು ದಿನ ಅಂತ ಹೇಳಕ್ಕಾಗಲ್ಲ ಅಂದ್ರು. ಅಲ್ಲಿ ತಿರಸ್ಕಾರ ಆದ್ರೆ ಮುಂದೇನು ಮಾಡ್ಬೇಕು? ಹಿಂದಿನ ತಿಂಗಳ ದುಡ್ಡಿಗೂ ಇದೇ P1301 ಬಿದ್ದಿದೆ, ಈಗ ತೆಗೆದು ನೋಡಿದೆ.

ಶಟರ್_ಸ್ಪೀಡ್

ಫೋಟೋ ರಾಯಲ್ಟಿಗೆ ಯಾವ ಕೋಡ್ ಹಾಕ್ಬೇಕು ಅಂತ ಯಾರಾದ್ರೂ ಹೇಳ್ತೀರಾ?