ಸಹಾಯ ಬೇಕು: ರಾತ್ರಿ ಪಾಳಿಯಲ್ಲಿ ಊಟದ ಸಮಯ ಮತ್ತು ಸಕ್ಕರೆಯ ಏರಿಕೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಪಾಳಿಯಲ್ಲಿ ದುಡಿಯುತ್ತಾನೆ. ಪಾಳಿ ಶುರುವಾದಂದಿನಿಂದ ಅವನ ತೂಕ ಏರುತ್ತಿದೆ. ಇತ್ತೀಚಿನ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂದಿದೆ, ಅಂದರೆ ಮಧುಮೇಹವಲ್ಲ, ಅದರ ಹಿಂದಿನ ಹಂತ. ಮಾತ್ರೆ ಇನ್ನೂ ಆರಂಭಿಸಿಲ್ಲ.

ಒಂದೇ ಬಗೆಯ ಊಟವನ್ನು ಒಂದೇ ಪ್ರಮಾಣದಲ್ಲಿ ಮಾಡಿ ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿದಾಗ, ರಜೆಯ ದಿನ ಮಧ್ಯಾಹ್ನ 138 ಇದ್ದದ್ದು ಪಾಳಿಯಲ್ಲಿ ರಾತ್ರಿ 2ಕ್ಕೆ ಉಂಡಾಗ 181 ಆಗಿತ್ತು. ರಾತ್ರಿ ಮೆಲಟೋನಿನ್ ಹೆಚ್ಚಿರುವಾಗ ಇನ್ಸುಲಿನ್ ಸ್ರವಿಕೆ ತಗ್ಗುವುದರಿಂದ ಹೀಗಾಗುತ್ತದೆ ಎಂದು ವೈದ್ಯರು ವಿವರಿಸಿದರು. ಕೃತಕವಾಗಿ ರಾತ್ರಿ ಪಾಳಿಯನ್ನು ಏರ್ಪಡಿಸಿ ನಡೆಸಿದ, 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿಯೂ ಹಗಲಿನಲ್ಲಿ ಮಾತ್ರ ಉಂಡವರಿಗೆ ಈ ಏರಿಕೆ ಕಾಣಲಿಲ್ಲವಂತೆ. ಆದರೆ ಭಾಗವಹಿಸಿದವರು ಕೇವಲ 19 ಮಂದಿ ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ಮುಖ್ಯ ಊಟವನ್ನು ಸಂಜೆ 7ಕ್ಕೇ ಮುಗಿಸಿ, ನಡುರಾತ್ರಿ ಏನನ್ನೂ ತಿನ್ನದೆ ಇರಲು ನೋಡಿದ. ಸಕ್ಕರೆ ಹತೋಟಿಯಲ್ಲಿತ್ತು, ಆದರೆ ನಸುಕಿನ 4ಕ್ಕೆ ತಡೆಯಲಾಗದ ಹಸಿವು. ಮನೆಗೆ ಬಂದು ಹೊಟ್ಟೆ ಬಿರಿಯ ಉಂಡು ಮಲಗಿದರೆ ಎದೆಯುರಿಯಿಂದ ನಿದ್ದೆ ಮುರಿಯುತ್ತದೆ. (ಹಸಿವು ತಡೆಯಲು ಕುಡಿಯುವ ಸಿಹಿ ಚಹಾ ಲೆಕ್ಕಕ್ಕೇ ಬರುವುದಿಲ್ಲವೆಂದು ಅವನ ವಾದ!)

ಇದೇ ಪಾಳಿಯಲ್ಲಿರುವವರು ನಡುರಾತ್ರಿ ಎಷ್ಟು ತಿನ್ನುತ್ತೀರಿ, ಮಲಗುವ ಮುನ್ನ ಎಷ್ಟು ಅಂತರ ಬಿಡುತ್ತೀರಿ? ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ 8 ಗಂಟೆಗಳ ಉಪವಾಸವನ್ನು ಹಗಲುನಿದ್ದೆಯ ನಂತರ ಲೆಕ್ಕ ಹಾಕುತ್ತೀರಾ, ಇಲ್ಲವೇ ರಜೆಯ ದಿನವೇ ಹೋಗುತ್ತೀರಾ? ಆಹಾರತಜ್ಞರು ಇದ್ದರೆ ದಯವಿಟ್ಟು ತಿಳಿಸಿ.