ಪದಚರ್ಚೆ: ‘ಪುಶ್ ಫಟೀಗ್’ ಅಂದರೆ ದಣಿವಾ, ದುಂಬಾಲಾ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಪತ್ತಿನ ಸಹಕಾರಿ ಸಂಘದ ಮುಖ್ಯ ಕಚೇರಿಯಲ್ಲಿ ಇದ್ದೇನೆ. ಗದಗ, ಹಾವೇರಿ ಕಡೆಯೂ ನಮ್ಮ ಶಾಖೆಗಳಿವೆ. ಸಿಬ್ಬಂದಿಗೆ ಒಂದು ನೋಟಿಸು ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ಲಾಗಿನ್ ಮಾಡುವಾಗ ಮೊಬೈಲಿನಲ್ಲಿ Approve, Deny ಅಂತ ಎರಡು ಬಟನ್ ಬರುತ್ತವೆ, ಅಲ್ವಾ? ನಾವು ಲಾಗಿನ್ ಮಾಡದೇ ಇದ್ದಾಗಲೂ ಅದು ಮೇಲಿಂದ ಮೇಲೆ ಬರುವ ಹಾಗೆ ಮಾಡುವ ಕಳ್ಳರಿದ್ದಾರೆ. ಬೇಸತ್ತು ಒಮ್ಮೆ Approve ಒತ್ತಿದರೆ ಅವರು ಒಳಗೆ. ಇದಕ್ಕೆ ಪುಶ್ ಫಟೀಗ್ ಅಟ್ಯಾಕ್ ಅನ್ನುತ್ತಾರೆ. ನಾನು ‘ಪುಶ್ ದಣಿವು ದಾಳಿ’ ಅಂತ ಬರೆದು ಬೋರ್ಡಿಗೆ ಹಚ್ಚಿದೆ. ಮರುದಿನ ಹಿರಿಯ ಕ್ಯಾಶಿಯರ್ ಒಬ್ಬರು ಬಂದು, ‘ಬಿಪಿ-ಶುಗರ್ ಕ್ಯಾಂಪ್ ಯಾವಾಗ ಐತ್ರಿ?’ ಅಂತ ಕೇಳಿದರು.

ದಣಿವಿಗೆ ಬದಲು ಏನು ಬರೆಯಲಿ? ಹಾಗೇ, Approve ಅನ್ನುವುದಕ್ಕೆ ‘ಅನುಮೋದಿಸಿ’ ಸರಿಯಾ?

ಧಾರವಾಡದಿಂದ, ನಿವೃತ್ತ ಕನ್ನಡ ಮೇಷ್ಟ್ರು

ದಣಿವು ಮೈಗೆ ಆಗುವುದು. ಹೊಲದಿಂದ ಬಂದವನಿಗೆ ದಣಿವು. ಇಲ್ಲಿ ಆಗುವುದು ಬೇಸರ, ಅದೂ ಇನ್ನೊಬ್ಬರು ಬೇಕಂತಲೇ ತರಿಸಿದ ಬೇಸರ. ದಣಿವು ಅಂದಾಗ ಸೋತವನ ಸ್ಥಿತಿ ಮಾತ್ರ ಕಾಣುತ್ತದೆ, ಸೋಲಿಸಿದವನು ಕಾಣುವುದೇ ಇಲ್ಲ. ನಮ್ಮ ಕಡೆ ಇದಕ್ಕೆ ಒಳ್ಳೆಯ ಮಾತಿದೆ: ದುಂಬಾಲು ಬೀಳುವುದು. ಸಾಲ ಕೇಳುವವನು ದುಂಬಾಲು ಬೀಳುತ್ತಾನೆ, ಜಾತ್ರೆಯಲ್ಲಿ ಮಗು ಬಲೂನಿಗೆ ದುಂಬಾಲು ಬೀಳುತ್ತದೆ. ಪಾರಸಿಯ ‘ದುಂಬಾಲ್’ ಅಂದರೆ ಬೆನ್ನ ಹಿಂದೆ, ಬೆನ್ನು ಹತ್ತಿ ಎಂದು ಅರ್ಥ. ಮರಾಠಿಯ ಹಾದಿಯಲ್ಲಿ ನಮ್ಮಲ್ಲಿಗೆ ಬಂದಿರಬೇಕು. ‘ದುಂಬಾಲು ದಾಳಿ’ ಅಂತ ಬರೆಯಿರಿ.

ಇನ್ನೊಂದು ಮಾತು. ನಾವು ಗೋಡೆಯ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದುದು ನೆನಪಿದೆಯಾ? ರಾತ್ರಿ ದೆವ್ವ ಬಂದು ಹೆಸರು ಹಿಡಿದು ಕರೆಯುತ್ತದೆ, ಓ ಅಂದರೆ ಮುಗಿಯಿತು ಅಂತಿದ್ದರು. ಇದೂ ಅದೇ. ಓ ಅನ್ನದೆ ಸುಮ್ನೆ ಮಲಗಿದರೆ ಸಾಕು. ನೋಟಿಸಿನಲ್ಲಿ ಅಷ್ಟೇ ಹೇಳಿ.

ಹಾವೇರಿಯಿಂದ

ನನಗೂ ಹೀಗೇ ಆಗಿತ್ತು. ಹಳೇ ಫ್ರಿಜ್ ಮಾರಲು ಆನ್‌ಲೈನಿನಲ್ಲಿ ಹಾಕಿದ್ದೆ. ಕೊಳ್ಳುವವನು ‘ದುಡ್ಡು ಕಳಿಸಿದ್ದೇನೆ, ಒಪ್ಪಿಕೊಳ್ಳಿ’ ಅಂದ. ಯುಪಿಐ ಪಿನ್ ಹಾಕಿದೆ. ನನ್ನ ಖಾತೆಯಿಂದಲೇ 4,000 ರೂಪಾಯಿ ಹೋಯಿತು. ಅದಕ್ಕೆ ಏನಂತೀರಿ? ‘ಒಪ್ಪಿಗೆ ಮೋಸ’ ಅನ್ನಬಹುದಲ್ಲ? 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ.

ಹುಬ್ಬಳ್ಳಿ, ಗೋಕುಲ ರಸ್ತೆಯಿಂದ

ನಾನು ಒಂದು ಕಂಪನಿಯ ಲಾಗಿನ್ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಹಾವೇರಿಯ ಅಣ್ಣಾರು ಹೇಳಿದ್ದು ಬೇರೆ. ಅಲ್ಲಿ ಪಿನ್ ಹಾಕಿದ ಕೂಡಲೇ ದುಡ್ಡು ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಹೋಗುವುದು ಬೀಗ. ಒಳಗೆ ಬಂದವನು ಆರಾಮಾಗಿ ಕೂತಿರುತ್ತಾನೆ.

ಮೇಷ್ಟ್ರೇ, ನಿಮ್ಮ ದೆವ್ವ ನನಗೆ ಭಾಳ ಹಿಡಿಸಿತು. ಆದರೆ ಅರ್ಧ ಮಾತ್ರ ಸರಿ. ‘ನಾಳೆ ಬಾ’ ಅಂದರೆ ಅವನು ನಾಳೆ ಬಂದೇ ಬರುತ್ತಾನೆ. ಸಾಮಾನ್ಯವಾಗಿ ಈ ಕೇಳಿಕೆ ಮೊಬೈಲಿಗೆ ಬರುವುದು ಪಾಸ್‌ವರ್ಡ್ ಸರಿಯಾಗಿ ಹಾಕಿದ ಮೇಲೆ. ನೀವು ಹಾಕಿಲ್ಲ, ಆದರೂ ಬಂತು ಅಂದರೆ ಯಾರದೋ ಕೈಯಲ್ಲಿ ನಿಮ್ಮ ಪಾಸ್‌ವರ್ಡ್ ಇದೆ. ಎರಡು ಬೀಗದಲ್ಲಿ ಒಂದು ಆಗಲೇ ತೆರೆದಿದೆ. ಸುಮ್ನೆ ಮಲಗಿದರೆ ಆ ಬೀಗ ತೆರೆದೇ ಇರುತ್ತದೆ. Deny ಒತ್ತಬೇಕು, ಪಾಸ್‌ವರ್ಡ್ ಬದಲಿಸಬೇಕು, ಐಟಿ ನೋಡುವವರಿಗೆ ಹೇಳಬೇಕು.

2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಗೆ ಆದದ್ದು ಇದೇ. ಗುತ್ತಿಗೆಯ ಕೆಲಸಗಾರನೊಬ್ಬನ ಪಾಸ್‌ವರ್ಡ್ ಕಳ್ಳನಿಗೆ ಸಿಕ್ಕಿತ್ತು. ಕಳ್ಳ ಮತ್ತೆ ಮತ್ತೆ ಲಾಗಿನ್‌ಗೆ ನೋಡಿದ, ಪ್ರತಿ ಸಲ ಆ ಕೆಲಸಗಾರನ ಫೋನಿಗೆ ಕೇಳಿಕೆ ಹೋಯಿತು. ಮೊದಮೊದಲು ಅವನು ಒಪ್ಪಲಿಲ್ಲ, ಕೊನೆಗೆ ಒಂದಕ್ಕೆ ಒಪ್ಪಿದ. ತಾನು ಐಟಿಯವನು, ಇದು ನಿಲ್ಲಬೇಕಾದರೆ ಒಪ್ಪಿಕೋ ಎಂದು ವಾಟ್ಸಾಪಿನಲ್ಲಿ ಹೇಳಿದ್ದಾಗಿ ಕಳ್ಳನೇ ಆಮೇಲೆ ಹೇಳಿಕೊಂಡ.

ನಿಮ್ಮ ಸಂಘದಲ್ಲಿ ಹೀಗೆ ಏನಾದರೂ ಆಗಿತ್ತಾ? ಆಗದೆ ಯಾರೂ ನೋಟಿಸು ಬರೆಸುವುದಿಲ್ಲ.

ಪ್ರಶ್ನೆ ಕೇಳಿದವರು

ಆಗಿತ್ತು. 2023ರ ಜನವರಿಯಲ್ಲಿ, ಶಾಖೆಯೊಂದರ ಲೆಕ್ಕಿಗರಿಗೆ. ಆಮೇಲೆ ಲಾಗಿನ್ ದಾಖಲೆ ತೆಗೆದು ನೋಡಿದಾಗ ಕಂಡದ್ದು ಹೇಳುತ್ತೇನೆ.

ರಾತ್ರಿ 11:52ಕ್ಕೆ ಮೊದಲನೆಯದು. ಅವರು Deny ಒತ್ತಿದ್ದಾರೆ. ಆಮೇಲೆ ನಾಲ್ಕೈದು ನಿಮಿಷಕ್ಕೊಂದು. ದಾಖಲೆಯಲ್ಲಿ 500121, ಅಂದರೆ ಫೋನಿನ ಒಪ್ಪಿಗೆ ಸಿಗಲಿಲ್ಲ ಅನ್ನುವ ದೋಷಸಂಖ್ಯೆ, ಸಾಲಾಗಿ ಬಿದ್ದಿತ್ತು. ಮನೆಯಲ್ಲಿ ಕೂಸು ಮಲಗಿತ್ತು, ಫೋನು ಗುಂಯ್‌ಗುಡುತ್ತಲೇ ಇತ್ತು. 12:31ಕ್ಕೆ, ಆ್ಯಪ್ ಕೆಟ್ಟಿದೆ ಅಂದುಕೊಂಡು Approve ಒತ್ತಿ ಮಲಗಿದರು. ಫೋನು ಸುಮ್ಮನಾಯಿತು. ಸರಿಹೋಯಿತು ಅಂತ ಅವರಿಗೆ ಸಮಾಧಾನ.

ಬೆಳಿಗ್ಗೆ ನಮಗೆ ಹೇಳಿದರು. ನಾವು ಪಾಸ್‌ವರ್ಡ್ ಬದಲಿಸಿದೆವು. ಆದರೆ ಎಂಟು ದಿನ ಬಿಟ್ಟು ಗೊತ್ತಾಯಿತು, ಕಳ್ಳ ಇನ್ನೂ ಒಳಗೇ ಇದ್ದ! ಲೆಕ್ಕಿಗರಿಗೆ ಬರಬೇಕಿದ್ದ ಮೇಲ್ ಬರುತ್ತಿರಲಿಲ್ಲ. ಹುಡುಕಿದರೆ ಎಲ್ಲ RSS Feeds ಅನ್ನುವ ಫೋಲ್ಡರಿನಲ್ಲಿ ಬಿದ್ದಿದ್ದವು. ಪಾಸ್‌ವರ್ಡ್ ಬದಲಿಸಿದ ಮೇಲೂ ಹೇಗೆ ಉಳಿದ ಅನ್ನುವುದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಗೋಕುಲ ರಸ್ತೆಯಿಂದ

ಎರಡು ದಾರಿ ಇವೆ. ಮೊದಲನೆಯದು, Approve ಒತ್ತಿದಾಗ ಅವನ ಬ್ರೌಸರಿಗೆ ಒಂದು ಟೋಕನ್ ಸಿಗುತ್ತದೆ. ಜಾತ್ರೆಯಲ್ಲಿ ಕೈಗೆ ಒತ್ತುವ ಸಿಕ್ಕಾ ಇದ್ದ ಹಾಗೆ. ಅದು ಇರುವ ತನಕ ಬಾಗಿಲಲ್ಲಿ ಮತ್ತೆ ಕೇಳುವುದಿಲ್ಲ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಎಲ್ಲ ಕಡೆ ಆ ಸಿಕ್ಕಾ ಅಳಿಯುತ್ತದೆ ಅಂತ ನಂಬಬಾರದು. ಎಲ್ಲ ಸೆಷನ್‌ಗಳಿಂದ ಹೊರಹಾಕುವ ಕೆಲಸ ಬೇರೆಯೇ ಮಾಡಬೇಕು.

ಎರಡನೆಯದು ಜಾಸ್ತಿ ಕೆಟ್ಟದ್ದು. ಒಳಗೆ ಬಂದ ಕಳ್ಳ ಮೊದಲು ಮಾಡುವ ಕೆಲಸವೆಂದರೆ ತನ್ನ ಸ್ವಂತ ಫೋನನ್ನು ಆ ಖಾತೆಗೆ ಸೇರಿಸುವುದು. ಆಮೇಲೆ ಕೇಳಿಕೆ ಅವನ ಫೋನಿಗೇ ಹೋಗುತ್ತದೆ, ಅವನೇ ಒಪ್ಪಿಕೊಳ್ಳುತ್ತಾನೆ. ಲೆಕ್ಕಿಗರ ಫೋನು ಯಾಕೆ ಸುಮ್ಮನಾಯಿತು ಅಂತ ಈಗ ತಿಳಿಯಿತಾ? 2022ರಲ್ಲಿ ಸಿಸ್ಕೋ ಕಂಪನಿಗೆ ನುಗ್ಗಿದವನೂ ಹೀಗೇ ಹಲವು ಹೊಸ ಸಾಧನಗಳನ್ನು ಸೇರಿಸಿಕೊಂಡಿದ್ದ. ಲೆಕ್ಕಿಗರ ಖಾತೆಯಲ್ಲಿ ನೋಂದಾಯಿಸಿದ ಫೋನುಗಳ ಪಟ್ಟಿ ತೆಗೆದು ನೋಡಿದ್ದಿರಾ? ಮೇಲ್ ಬೇರೆ ಫೋಲ್ಡರಿಗೆ ಹೋಗುವ ನಿಯಮವನ್ನೂ ಅವನೇ ಬರೆದಿರುತ್ತಾನೆ. ಆ ಫೋಲ್ಡರನ್ನು ಯಾರೂ ತೆರೆಯುವುದಿಲ್ಲ ಅಂತ ಅವನಿಗೆ ಗೊತ್ತು.

ಈಗ ಪದದ ವಿಷಯ. ‘ದುಂಬಾಲು’ ನಿಮ್ಮ ಲೆಕ್ಕಿಗರಿಗೆ ಸರಿಹೊಂದುತ್ತದೆ. ಆದರೆ ಜಾಣ ಕಳ್ಳ ಗದ್ದಲ ಮಾಡುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರೂ ಲಾಗಿನ್ ಆಗುವ ಹೊತ್ತಿಗೆ, ಒಂದೇ ಒಂದು ಕಳಿಸುತ್ತಾನೆ. ಚಹಾ ಕುಡಿಯುತ್ತ ನೀವು ನೋಡದೇ ಒತ್ತುತ್ತೀರಿ. ದಣಿವೂ ಇಲ್ಲ, ದುಂಬಾಲೂ ಇಲ್ಲ. ಬರೀ ರೂಢಿ. ನೋಟಿಸಿನಲ್ಲಿ ‘ದುಂಬಾಲು’ ಅಂತ ಬರೆದರೆ, ಒಂದೇ ಸಲ ಬಂದದ್ದು ಅಪಾಯವಲ್ಲ ಅಂತ ಜನ ತಿಳಿದಾರು.

ಗದಗದಿಂದ, ಶಾಲಾ ಶಿಕ್ಷಕಿ

ಹಾಗಾದರೆ ‘ಹೂಂಗುಟ್ಟಿಸುವ ಮೋಸ’ ಹೇಗೆ? ಅಜ್ಜಿ ಕತೆ ಹೇಳುವಾಗ ಮಗು ಹೂಂ ಹೂಂ ಅನ್ನುತ್ತದೆ. ಅರ್ಧ ನಿದ್ದೆಯಲ್ಲೂ ಅನ್ನುತ್ತದೆ. ಏನು ಕೇಳಿತು ಅಂತ ಅದಕ್ಕೇ ಗೊತ್ತಿರುವುದಿಲ್ಲ. ರಾತ್ರಿಯ ಹೂಂ, ಚಹಾದ ಹೊತ್ತಿನ ಹೂಂ, ಎರಡೂ ಇದರಲ್ಲಿ ಬಂದವು.

‘ಅನುಮೋದಿಸಿ’ ಮಾತ್ರ ಬೇಡವೇ ಬೇಡ. ನಮ್ಮಲ್ಲಿ ರಜೆ ಅರ್ಜಿ ಅನುಮೋದಿಸುವುದು ಹೆಡ್‌ಮಾಸ್ತರು. ಕೇಳುವವನು ಬೇರೆ, ಕೊಡುವವನು ಬೇರೆ. ಆ ಬಟನ್ ನೋಡಿದವರಿಗೆ ಯಾರೋ ಏನೋ ಕೇಳುತ್ತಿದ್ದಾರೆ, ಪಾಪ ಕೊಡೋಣ ಅನ್ನಿಸುತ್ತದೆ. ನಿಜದಲ್ಲಿ ಅಲ್ಲಿ ಕೇಳುವುದು ‘ಬಾಗಿಲಲ್ಲಿ ನಿಂತವರು ನೀವೇನಾ?’ ಅಂತ ಅಲ್ವಾ? ಅದಕ್ಕೆ ಉತ್ತರ ‘ನಾನೇ’ ಇಲ್ಲವೇ ‘ನಾನಲ್ಲ’.

ಧಾರವಾಡದಿಂದ ಮೇಷ್ಟ್ರು

ಹೂಂಗುಟ್ಟಿಸುವುದು ಚೆನ್ನಾಗಿದೆ ತಂಗಿ, ಸೋತೆ. ಆದರೆ ನೋಟಿಸಿನ ತಲೆಬರಹಕ್ಕೆ ತಮಾಷೆಯಾಗಿ ಕಾಣುವುದಿಲ್ಲವೇ? ಕಾಟ, ಉಪದ್ರವ ಇವೂ ಇವೆ. ದೆವ್ವವನ್ನು ನಾನು ಬಿಡುವುದಿಲ್ಲ. ಕೇಳಿಕೆ ಬಂತೆಂದರೆ ಪಾಸ್‌ವರ್ಡ್ ಕಳುವಾಗಿದೆ ಅಂತ ಖಂಡಿತವಾಗಿ ಬರೆಯಬಹುದಾ?

ಗೋಕುಲ ರಸ್ತೆಯಿಂದ

ಖಂಡಿತ ಅಂತ ಬರೆಯಬೇಡಿ, ಸರ. ಪಾಸ್‌ವರ್ಡ್ ಇಲ್ಲದೆ ಫೋನಿನಿಂದಲೇ ಲಾಗಿನ್ ಆಗುವ ವ್ಯವಸ್ಥೆ ಹಾಕಿಕೊಂಡಿದ್ದರೆ, ಮೇಲ್ ವಿಳಾಸ ಗೊತ್ತಿರುವ ಯಾರು ಬೇಕಾದರೂ ಕೇಳಿಕೆ ಬರುವ ಹಾಗೆ ಮಾಡಬಹುದು. ಕೆಲವು ಸಲ ನಮ್ಮದೇ ಲ್ಯಾಪ್‌ಟಾಪಿನ ಮೇಲ್ ಆ್ಯಪ್ ತಾನಾಗಿ ಮತ್ತೆ ಲಾಗಿನ್ ಆಗಲು ಹೋಗಿ ಕೇಳಿಕೆ ಕಳಿಸುತ್ತದೆ. ಗುಮಾನಿ ಬಂದರೆ Deny ಒತ್ತಿ. ಅದು ನಿಮ್ಮದೇ ಆಗಿದ್ದರೆ ಇನ್ನೊಮ್ಮೆ ಲಾಗಿನ್ ಆಗಬೇಕಾದೀತು, ಅಷ್ಟೇ. ಒಪ್ಪಿ ತಪ್ಪಿದರೆ ಎಂಟು ದಿನದ ಮೇಲೆ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು

ಈಗ ನಮ್ಮ ಮೇಲ್‌ಗೆ ಕಂಪ್ಯೂಟರ್ ಪರದೆಯಲ್ಲಿ ಎರಡಂಕಿಯ ಸಂಖ್ಯೆ ಬರುತ್ತದೆ, ಅದನ್ನು ಫೋನಿನಲ್ಲಿ ಟೈಪ್ ಮಾಡಬೇಕು. ಹೊರಗಿನಿಂದ ಕಚೇರಿ ನೆಟ್‌ವರ್ಕಿಗೆ ಬರುವ ಆ್ಯಪ್‌ನಲ್ಲಿ ಮಾತ್ರ ಇನ್ನೂ ಹಳೇ Approve ಬಟನ್ ಇದೆ. ಅದಕ್ಕೇ ಈ ನೋಟಿಸು. ಸಂಖ್ಯೆ ಇರುವಲ್ಲಿ ಹೆದರಿಕೆ ಇಲ್ಲ ಅಂತ ಬರೆಯಲಾ?

ಗೋಕುಲ ರಸ್ತೆಯಿಂದ

ಮೈಕ್ರೋಸಾಫ್ಟ್‌ನವರು ತಮ್ಮ ಲಾಗಿನ್ ಆ್ಯಪ್‌ನಲ್ಲಿ 2023ರ ಮೇನಿಂದ ಈ ಸಂಖ್ಯೆಯನ್ನು ಕಡ್ಡಾಯ ಮಾಡಿದರು. ನಿಮ್ಮ ಲೆಕ್ಕಿಗರಿಗೆ ನಾಲ್ಕು ತಿಂಗಳು ತಡ. ಸಂಖ್ಯೆ ಕಳ್ಳನ ಪರದೆಯಲ್ಲಿ ಇರುತ್ತದೆ, ನಿಮಗೆ ಕಾಣುವುದಿಲ್ಲ. ಆದ್ದರಿಂದ ನಿದ್ದೆಗಣ್ಣಿನಲ್ಲಿ ಒತ್ತಲು ಆಗುವುದಿಲ್ಲ. ಆದರೆ ‘ಹೆಡ್ ಆಫೀಸಿನಿಂದ ಮಾತಾಡ್ತಿದ್ದೀನ್ರಿ, 47 ಅಂತ ಹಾಕ್ರಿ’ ಎಂದು ಫೋನ್ ಬಂದರೆ? ಹಾಕುವವರಿದ್ದಾರೆ. ನಕಲಿ ಲಾಗಿನ್ ಪುಟ ತೋರಿಸಿ, ಅಸಲಿ ಪುಟದ ಸಂಖ್ಯೆಯನ್ನು ಅದರಲ್ಲೇ ದಾಟಿಸುವವರೂ ಇದ್ದಾರೆ. ಅಲ್ಲಿ ಸಂಖ್ಯೆ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಅದಕ್ಕೆ ಪಾಸ್‌ಕೀ ಬೇಕು, ಅಂದರೆ ಪಾಸ್‌ವರ್ಡಿನ ಬದಲು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಡಿಜಿಟಲ್ ಕೀಲಿ. ಅದು ಅಸಲಿ ವಿಳಾಸಕ್ಕೆ ಬಿಟ್ಟು ಬೇರೆಡೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

‘ನೀವು ಲಾಗಿನ್ ಮಾಡದೇ ಇದ್ದಾಗ ಫೋನು ಕೇಳಿದರೆ “ನಾನಲ್ಲ” ಅನ್ನಿ, ಅಂದರೆ Deny ಒತ್ತಿ. ಒಂದೇ ಸಲ ಬಂದರೂ ಅಷ್ಟೇ. ಫೋನಿನಲ್ಲಿ ಯಾರೇ ಸಂಖ್ಯೆ ಹೇಳಿದರೂ ಹಾಕಬೇಡಿ. ತಪ್ಪಿ ಒತ್ತಿದ್ದರೆ ಬೆಳಗಿನ ತನಕ ಕಾಯದೆ, ಆಗಲೇ ಫೋನ್ ಮಾಡಿ. ಯಾರೂ ಬೈಯುವುದಿಲ್ಲ.’

ಕೊನೆಯ ಸಾಲನ್ನು ಮ್ಯಾನೇಜರರು ಹೊಡೆದುಹಾಕಿದರು. ನಾನು ಮತ್ತೆ ಸೇರಿಸಿದ್ದೇನೆ. ತಲೆಬರಹ ಇನ್ನೂ ಖಾಲಿ ಇದೆ. ಅವರಿಗೆ ‘ಹೂಂಗುಟ್ಟಿಸುವ’ ಹಗುರ ಅನ್ನಿಸಿತು, ಕ್ಯಾಶಿಯರಿಗೆ ಮಾತ್ರ ಓದಿದ ಕೂಡಲೇ ತಿಳಿಯಿತು. ನಿಮ್ಮಲ್ಲಿ ಬೇರೆ ಪದ ಇದ್ದರೆ ಸೋಮವಾರದೊಳಗೆ ಬರೆಯಿರಿ.

ಹಾವೇರಿಯಿಂದ

ನನ್ನ ಫ್ರಿಜ್ ಮೋಸಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.