ವಿಡಿಆರ್‌ಎಲ್ 1:32 ಇತ್ತು, ಈಗ ಆರ್‌ಪಿಆರ್ 1:16. ಮತ್ತೆ ಇಂಜೆಕ್ಷನ್ ಬೇಕಾ?

"ಮೈಮೇಲೆ ಗುಳ್ಳೆ ಎದ್ದಾಗ ಸಿಫಿಲಿಸ್ ಅಂತ ಗೊತ್ತಾಗಿ ಪೆನಿಸಿಲಿನ್ ಹಾಕಿಸಿಕೊಂಡೆ. ಅವತ್ತು ರಕ್ತ ಪರೀಕ್ಷೆಯಲ್ಲಿ ವಿಡಿಆರ್‌ಎಲ್ 1:32. ಆರು ತಿಂಗಳಾದ ಮೇಲೆ ಬೇರೆ ಲ್ಯಾಬ್‌ನಲ್ಲಿ ಆರ್‌ಪಿಆರ್ 1:16 ಬಂದಿದೆ, ಟಿಪಿಎಚ್‌ಎ ಇನ್ನೂ ಪಾಸಿಟಿವ್. ಔಷಧಿ ಕೆಲಸ ಮಾಡಿಲ್ವಾ? ಹೀಗಾದವರು ದಯವಿಟ್ಟು ಹೇಳಿ."

ದಾವಣಗೆರೆಯವ
ಟಿಪಿಎಚ್‌ಎ ನೆಗೆಟಿವ್ ಆಗುವವರೆಗೆ ಬಿಡಬೇಡಿ. ನಾನು ಮೂರು ವರ್ಷದಲ್ಲಿ ಏಳು ಸಲ ಮಾಡಿಸಿದೆ. ಒಂದೊಂದು ಸಲ 650 ರೂಪಾಯಿ, ಬಸ್ ಚಾರ್ಜು ಬೇರೆ, ಅರ್ಧ ದಿನದ ಕೂಲಿ ಬೇರೆ. ಎರಡು ಸಲ ಡಾಕ್ಟರ ಹತ್ತಿರ ಹಟ ಮಾಡಿ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡೂ ಕಡೆ ಸೊಂಟದ ಕೆಳಗೆ 12 ಲಕ್ಷ ಯೂನಿಟ್ ಚುಚ್ಚಿದರೆ ಎರಡು ದಿನ ಕೂರೋಕಾಗಲ್ಲ. ಇನ್ನೂ ಪಾಸಿಟಿವ್ ಇದೆ, ಆದರೂ ನಾನು ಬಿಟ್ಟಿಲ್ಲ.

ಹಳೇ ಟೆಕ್ನಿಷಿಯನ್
ಅಣ್ಣ, ಆ ದುಡ್ಡೆಲ್ಲ ಸುಮ್ನೆ ಹೋಯಿತು. ಟಿಪಿಎಚ್‌ಎ ಒಂದು ಸಲ ಪಾಸಿಟಿವ್ ಆದರೆ ರೋಗ ವಾಸಿಯಾದ ಮೇಲೂ ಬಹಳ ಜನರಿಗೆ ಜೀವನಪೂರ್ತಿ ಹಾಗೇ ಇರುತ್ತದೆ. ರೋಗ ತಗುಲಿತ್ತು ಅನ್ನೋದನ್ನು ಅದು ಹೇಳುತ್ತದೆ. ಈಗ ಇದೆಯಾ ಅಂತ ಹೇಳಲ್ಲ. ಔಷಧಿ ಕೆಲಸ ಮಾಡಿತಾ ಅಂತ ನೋಡೋಕೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್‌ನ ಟೈಟರೇ ಬೇಕು, ಅಂದರೆ ಸ್ಯಾಂಪಲ್ ಎಷ್ಟು ಪಟ್ಟು ತೆಳು ಮಾಡಿದರೂ ಪಾಸಿಟಿವ್ ತೋರಿಸುತ್ತದೆ ಅನ್ನೋ ಲೆಕ್ಕ.

ಪ್ರಶ್ನೆ ಕೇಳಿದವರೇ, ನೀವು ಎರಡು ಬೇರೆ ಅಳತೆಗೋಲು ಹಿಡಿದು ಅಳೆದಿದ್ದೀರಿ. ಅದೇ ರಕ್ತಕ್ಕೆ ಆರ್‌ಪಿಆರ್ ಸಾಮಾನ್ಯವಾಗಿ ವಿಡಿಆರ್‌ಎಲ್‌ಗಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಮೊದಲಿನ ಲ್ಯಾಬ್‌ಗೇ ಹೋಗಿ ವಿಡಿಆರ್‌ಎಲ್ಲೇ ಮಾಡಿಸಿ. 32ರಿಂದ 16 ಅಂದರೆ ಒಂದೇ ಮೆಟ್ಟಿಲು. ಒಬ್ಬರೇ ಒಂದೇ ಸ್ಯಾಂಪಲ್ ಎರಡು ಸಲ ಓದಿದರೂ ಅಷ್ಟು ಹೆಚ್ಚುಕಮ್ಮಿ ಆಗುತ್ತದೆ. ಎರಡು ಮೆಟ್ಟಿಲು ಇಳಿದು 1:8 ಆದರೆ ಇಳಿಯಿತು ಅನ್ನಬಹುದು. ಅದಕ್ಕೆ ಒಂದು ವರ್ಷದವರೆಗೂ ಕಾಯುತ್ತಾರೆ. ಎರಡು ಮೆಟ್ಟಿಲು ಏರಿದರೆ ಮಾತ್ರ ತಕ್ಷಣ ಡಾಕ್ಟರ ಹತ್ತಿರ ಓಡಿ.

ಎರಡು ಮಕ್ಕಳ ತಾಯಿ
ಲ್ಯಾಬ್‌ನವರ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಐದನೇ ತಿಂಗಳಲ್ಲಿ ನನ್ನ ವಿಡಿಆರ್‌ಎಲ್ ನೆಗೆಟಿವ್ ಅಂತ ಬರೆದುಕೊಟ್ಟರು. ಅಂಗೈ, ಅಂಗಾಲಲ್ಲಿ ಕಂದು ಕಲೆ ಇತ್ತು, ತುರಿಕೆ ಇರಲಿಲ್ಲ. ಉಷ್ಣ ಅಂದರು, ಅತ್ತೆ ದಿನಾ ಎಳನೀರು ಕೊಟ್ಟರು. ಒಂಬತ್ತನೇ ತಿಂಗಳಲ್ಲಿ ಬೇರೆ ಡಾಕ್ಟರ್ ನನ್ನ ಕೈ ತಿರುಗಿಸಿ ನೋಡಿ, ರಕ್ತವನ್ನು ಡೈಲ್ಯೂಟ್ ಮಾಡಿ ನೋಡಿ ಅಂತ ಬರೆದರು. 1:256. ಇಂಜೆಕ್ಷನ್ ಆಗಿ ಹನ್ನೆರಡೇ ದಿನಕ್ಕೆ ಹೆರಿಗೆ. ಅಷ್ಟು ಕಡಿಮೆ ದಿನ ಸಾಲದು ಅಂತ ಮಗುವಿಗೂ ಹತ್ತು ದಿನ ನರಕ್ಕೆ ಪೆನಿಸಿಲಿನ್. ಪುಟ್ಟ ಕೈಯಲ್ಲಿ ನರ ಸಿಗದೆ ನಾಲ್ಕು ಸಲ ಸೂಜಿ ಬದಲಾಯಿಸಿದರು. ಆ ಅಳು ಇನ್ನೂ ಕಿವಿಯಲ್ಲಿದೆ.

ಹಳೇ ಟೆಕ್ನಿಷಿಯನ್
ಅದು ಪ್ರೋಝೋನ್ ಅಮ್ಮ. ಆಂಟಿಬಾಡಿ ಅತಿಯಾದಾಗ ಕಣಗಳು ಒಂದಕ್ಕೊಂದು ಹೆಣೆದು ಗಂಟಾಗುವುದಿಲ್ಲ, ಅದಕ್ಕೇ ರೋಗ ಇದ್ದರೂ ನೆಗೆಟಿವ್ ಅಂತ ಕಾಣುತ್ತದೆ. ನನ್ನ ಕೈಗೂ ಅಂಥದ್ದು ಒಂದು ಬಂದಿತ್ತು. ಎಂಟು ನಿಮಿಷ ತಿರುಗಿಸಿ ಆರ್‌ಪಿಆರ್ ಕಾರ್ಡ್ ತೆಗೆದೆ. ಗಂಟಿಲ್ಲ. ಆದರೆ ನೆಗೆಟಿವ್ ಕಂಟ್ರೋಲ್‌ನ ಹಾಗೆ ನುಣ್ಣಗೂ ಇರಲಿಲ್ಲ, ರವೆ ಉದುರಿಸಿದ ಹಾಗೆ ಸ್ವಲ್ಪ ತರಿತರಿ. ಸಲೈನ್ ಹಾಕಿ ಅರ್ಧರ್ಧ ಮಾಡುತ್ತಾ ಹೋದೆ. 1:4ರಲ್ಲಿ ಅನುಮಾನ, 1:8ರಲ್ಲಿ ಕಪ್ಪು ಗಂಟು ಎದ್ದು ಕಂಡಿತು, 1:128ರವರೆಗೂ ಇತ್ತು. ಡಾಕ್ಟರಿಗೆ ಆಗಲೇ ಫೋನ್ ಮಾಡಿದೆ.

ಆದರೆ ಇದು ಅಪರೂಪ. ಎಲ್ಲ ಗರ್ಭಿಣಿಯರ ಸ್ಯಾಂಪಲ್ಲೂ ಡೈಲ್ಯೂಟ್ ಮಾಡುತ್ತಾ ಕೂತರೆ ದಿನದ ಕೆಲಸ ಮುಗಿಯಲ್ಲ. ಕಲೆ ಇದೆ ಅಂತ ಚೀಟಿಯಲ್ಲಿ ಬರೆದಿದ್ದರೆ ಅವರೂ ಮಾಡುತ್ತಿದ್ದರು.

ಎರಡು ಮಕ್ಕಳ ತಾಯಿ
ಅಪರೂಪ ಅನ್ನೋದು ನಿಮಗೆ. ನನ್ನ ಮಗುವಿಗೆ ಅದು ಅಪರೂಪ ಆಗಲಿಲ್ಲ. ಒಂದು 1:16 ಹನಿ ಹಾಕಿ ನೋಡೋಕೆ ಎಷ್ಟು ಹೊತ್ತು ಬೇಕು? ತರಿತರಿ ಕಂಡದ್ದನ್ನು ನೋಡದೆ ಸಹಿ ಹಾಕಿದವರನ್ನು ಯಾಕೆ ವಹಿಸಿಕೊಳ್ತೀರಿ?

ಹಳೇ ಟೆಕ್ನಿಷಿಯನ್
ವಹಿಸಿಕೊಳ್ತಿಲ್ಲ. ನೂರೈವತ್ತು ಸ್ಯಾಂಪಲ್‌ಗೆ ಒಬ್ಬನೇ ಇರುತ್ತಾನೆ, ಅದನ್ನೂ ನೋಡಿ ಅಂದೆ.

ಶಿರಸಿಯವಳು
ಪಾಸಿಟಿವ್ ಅಂದ ಕೂಡಲೇ ನಂಬಬೇಡಿ. ನನಗೆ ವಿಡಿಆರ್‌ಎಲ್ 1:4 ಬಂದು ನಿಶ್ಚಿತಾರ್ಥವೇ ಮುರಿಯುವ ಹಂತಕ್ಕೆ ಹೋಗಿತ್ತು. ಟಿಪಿಎಚ್‌ಎ ನೆಗೆಟಿವ್. ಆಮೇಲೆ ನೋಡಿದರೆ ಲೂಪಸ್ ಅನ್ನೋ ಬೇರೆ ಕಾಯಿಲೆ, ಅದಕ್ಕೇ ವಿಡಿಆರ್‌ಎಲ್ ಸುಳ್ಳು ಪಾಸಿಟಿವ್ ತೋರಿಸಿತ್ತು.

ದಾವಣಗೆರೆಯವ
ಅಕ್ಕ, ಪ್ರಶ್ನೆ ಕೇಳಿದವರಿಗೆ ಟಿಪಿಎಚ್‌ಎ ಪಾಸಿಟಿವ್ ಇದೆ, ಗುಳ್ಳೆಯೂ ಇತ್ತು. ನಿಮ್ಮದೇ ಬೇರೆ.

ಟೆಕ್ನಿಷಿಯನ್ ಅಣ್ಣ, ನಿಮ್ಮ ಮೇಲೆ ಕೋಪ ಬಂತು, ಆದರೆ ಹಳೇ ಚೀಟಿ ಎಲ್ಲ ತೆಗೆದು ನೋಡಿದೆ. ಆರ್‌ಪಿಆರ್ ಮೊದಲು 1:64, ಒಂದು ವರ್ಷಕ್ಕೆ 1:4, ಈಗ ಎರಡು ವರ್ಷದಿಂದ 1:2. ಅದು ಯಾಕೆ ಸೊನ್ನೆಗೆ ಬರಲ್ಲ?

ಹಳೇ ಟೆಕ್ನಿಷಿಯನ್
64ರಿಂದ 4 ಅಂದರೆ ಚೆನ್ನಾಗೇ ಇಳಿದಿದೆ. ಕೆಲವರಿಗೆ ಕೆಳಗೆ ಬಂದು ಅಲ್ಲೇ ನಿಲ್ಲುತ್ತದೆ. ಯಾಕೆ ಅನ್ನೋದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಎಚ್‌ಐವಿ ಟೆಸ್ಟ್ ಮಾಡಿಸಿದ್ದೀರಾ? ಮನೆಯವರಿಗೆ ಟೆಸ್ಟ್ ಆಗಿದೆಯಾ?

ದಾವಣಗೆರೆಯವ
ನನಗೆ ಆಗಿದೆ, ನೆಗೆಟಿವ್. ಮನೆಯವಳಿಗೆ ಇನ್ನೂ ಹೇಳಿಲ್ಲ.

ಎರಡು ಮಕ್ಕಳ ತಾಯಿ
ಏಳು ಸಲ ನಿಮ್ಮದು ಮಾಡಿಸಿದಿರಿ, ಅವರದು ಒಂದು ಸಲವೂ ಇಲ್ವಾ? ನಾಳೆನೇ ಕರೆದುಕೊಂಡು ಹೋಗಿ.